ಹಳೆಯ ಪ್ರಶ್ನೆಪತ್ರಿಕೆಯಲ್ಲಿ ಪ್ರಶ್ನೆಯೇ ತಪ್ಪಿದ್ದರೆ ಏನು ಮಾಡಬೇಕು?

ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಕೂತಾಗ ಒಂದಲ್ಲ ಒಂದು ಪ್ರಶ್ನೆ ಕೈ ಕೊಡುತ್ತದೆ. ಸೂತ್ರ ಸರಿ ಇದೆ, ಲೆಕ್ಕ ಎರಡು ಸಲ ನೋಡಿಯಾಗಿದೆ, ಆದರೂ ಉತ್ತರ ಆಯ್ಕೆಗಳಲ್ಲಿ ಇಲ್ಲ. ಇಲ್ಲವೇ ಒಂದೇ ವಾಕ್ಯಕ್ಕೆ ಎರಡು ಅರ್ಥ ಬರುತ್ತದೆ, ಎರಡಕ್ಕೂ ಬೇರೆ ಬೇರೆ ಉತ್ತರ.

ಇಂಥ ಹೊತ್ತಲ್ಲಿ ಜಾಸ್ತಿ ಜನ ಮೂರರಲ್ಲಿ ಒಂದು ಮಾಡುತ್ತಾರೆ. ಕೆಲವರು ತಪ್ಪು ತಮ್ಮದೇ ಎಂದುಕೊಂಡು ಒಂದು ಗಂಟೆ ಕಳೆಯುತ್ತಾರೆ. ಕೆಲವರು "ಪ್ರಶ್ನೆ ತಪ್ಪು" ಎಂದು ಪುಟ ತಿರುಗಿಸುತ್ತಾರೆ. ಇನ್ನು ಕೆಲವರು ಕೀ ಉತ್ತರ ನೋಡಿ, ಅದು ಬರುವ ಹಾಗೆ ಲೆಕ್ಕವನ್ನು ಬಗ್ಗಿಸುತ್ತಾರೆ. ನನ್ನ ಪ್ರಕಾರ ಮೂರನೆಯದೇ ಎಲ್ಲಕ್ಕಿಂತ ಹಾನಿ. ಯಾಕೆಂದರೆ ಹಾಗೆ ಬಗ್ಗಿಸಿದ ವಿಧಾನ ತಲೆಯಲ್ಲಿ ಉಳಿದು, ಮುಂದೆ ಸರಿಯಾದ ಪ್ರಶ್ನೆಯಲ್ಲೂ ತಪ್ಪು ಮಾಡಿಸುತ್ತದೆ.

ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರದ ಲೆಕ್ಕಗಳಲ್ಲಿ ಇದನ್ನು ಹೇಗೆ ಬಿಡಿಸಿಕೊಳ್ಳಬೇಕು ಎಂದು ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ಕೊಟ್ಟ ಪ್ರಶ್ನೆಗಳನ್ನು, ಒಂದನ್ನು ಬಿಟ್ಟು, ಈ ಲೇಖನಕ್ಕೆಂದೇ ರಚಿಸಿದ್ದೇನೆ.

ಮೊದಲು: ತಪ್ಪು ಇದೆ ಎಂದು ಸಾಬೀತು ಮಾಡಿ

ಪ್ರಶ್ನೆಯನ್ನು ಒಂದಕ್ಷರ ಬಿಡದೆ ಕೈಯಲ್ಲಿ ಬರೆದುಕೊಳ್ಳಿ. ಬರೀ ಓದಿದರೆ ಸಾಲದು. ಓದುವಾಗ ಕಣ್ಣು ತನಗೆ ಗೊತ್ತಿರುವ ಪ್ರಶ್ನೆಯನ್ನೇ ಕಾಣುತ್ತದೆ. ಬರೆಯುವಾಗ "ಕನಿಷ್ಠ", "ಮಾತ್ರ", "ವ್ಯಾಸ" ಎಂಬಂಥ ಪದಗಳು ಸಿಕ್ಕಿಬೀಳುತ್ತವೆ. ವ್ಯಾಸವನ್ನು ತ್ರಿಜ್ಯ ಎಂದು ಓದಿಕೊಂಡಿದ್ದರೆ ಗೊಂದಲ ಇಲ್ಲೇ ಮುಗಿಯುತ್ತದೆ.

ಬರೆದ ಮೇಲೆ ಕೊಟ್ಟ ಮಾಹಿತಿಯನ್ನೆಲ್ಲ ಒಂದರ ಕೆಳಗೊಂದು ಪಟ್ಟಿ ಮಾಡಿ. ಈಗ ನೀವು ಹುಡುಕಬೇಕಾದದ್ದು ಮೂರರಲ್ಲಿ ಒಂದು. ಕೊಟ್ಟ ಎರಡು ಮಾಹಿತಿಗಳು ಒಂದಕ್ಕೊಂದು ಕೂಡದಿರಬಹುದು. ಕೊಟ್ಟ ಅಳತೆ ಲೋಕದಲ್ಲಿ ಇರಲು ಸಾಧ್ಯವಿಲ್ಲದ್ದಾಗಿರಬಹುದು. ಅಥವಾ ಎರಡು ಓದು, ಎರಡು ಉತ್ತರ, ಎರಡೂ ವಾಕ್ಯಕ್ಕೆ ಹೊಂದುವಂಥವು ಇರಬಹುದು. ಇವುಗಳಲ್ಲಿ ಒಂದನ್ನು ಬೆರಳಿಟ್ಟು ತೋರಿಸಲು ಆದರೆ ಮಾತ್ರ ಪ್ರಶ್ನೆಯಲ್ಲಿ ದೋಷ ಇದೆ ಎನ್ನಿ. "ನನ್ನ ಉತ್ತರ ಕೀಗೆ ಹೊಂದುತ್ತಿಲ್ಲ" ಎನ್ನುವುದು ಸಾಬೀತಲ್ಲ, ಬರೀ ಅನುಮಾನ. ಆಗ ಬೇರೆ ವಿಧಾನದಲ್ಲಿ ಒಂದು ಸಲ ಲೆಕ್ಕ ಮಾಡಿ. ಅದೇ ವಿಧಾನವನ್ನು ಮತ್ತೆ ಮಾಡಿದರೆ ಅದೇ ತಪ್ಪೇ ಮತ್ತೆ ಬರುತ್ತದೆ, ಅಲ್ವಾ?

ನಂತರ: ಅಚ್ಚಿನ ತಪ್ಪೇ ಎಂದು ನೋಡಿ

ಹಳೆಯ ಪತ್ರಿಕೆ ನಿಮ್ಮ ಕೈಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಹಲವು ಕೈ ದಾಟಿರುತ್ತದೆ. ಯಾರೋ ಟೈಪ್ ಮಾಡಿರುತ್ತಾರೆ, ಯಾರೋ ಸ್ಕ್ಯಾನ್ ಮಾಡಿರುತ್ತಾರೆ, ಅದನ್ನು ಇನ್ನೊಬ್ಬರು ಮತ್ತೆ ಟೈಪ್ ಮಾಡಿರುತ್ತಾರೆ. ಈ ದಾರಿಯಲ್ಲಿ ಮೊದಲು ಬಲಿಯಾಗುವುದು ಘಾತದ ಅಂಕಿ. ಮೇಲೆ ಚಿಕ್ಕದಾಗಿ ಇರಬೇಕಾದದ್ದು ಸಾಲಿಗೆ ಇಳಿದು ಬರುತ್ತದೆ. ಆಮೇಲೆ ಮೈನಸ್ ಚಿಹ್ನೆ ಅಳಿಯುತ್ತದೆ. ವರ್ಗಮೂಲದ ಗೆರೆ ಎಲ್ಲಿಯವರೆಗೆ ಇತ್ತು ಎಂಬುದೂ ಮಸುಕಾಗುತ್ತದೆ.

ಒಂದು ಪ್ರಶ್ನೆ ಹೀಗೆ ಅಚ್ಚಾಗಿದೆ ಎಂದುಕೊಳ್ಳಿ: "20 ಮೀಟರ್ ಉದ್ದದ ತಾಮ್ರದ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ 2 × 106 ಚದರ ಮೀಟರ್. ತಾಮ್ರದ ರೋಧಶೀಲತೆ 1.7 × 10-8 ಓಂ ಮೀಟರ್ ಆದರೆ ತಂತಿಯ ರೋಧ ಎಷ್ಟು?"

ರೋಧಶೀಲತೆಯ ಸಂಖ್ಯೆಯಲ್ಲಿ ಅನುಮಾನವಿಲ್ಲ. ತಾಮ್ರಕ್ಕೆ ಅದು ಸುಮಾರು 1.7 × 10⁻⁸ ಎಂಬುದು ಪುಸ್ತಕಗಳಲ್ಲಿ ಸಿಗುತ್ತದೆ. ಅಂದರೆ ಈ ಪತ್ರಿಕೆಯಲ್ಲಿ ಘಾತಗಳು ಸಾಲಿಗೆ ಇಳಿದಿವೆ ಎಂಬುದಕ್ಕೆ ಪುರಾವೆ ಇಲ್ಲೇ ಸಿಕ್ಕಿತು. ಈಗ ವಿಸ್ತೀರ್ಣ ನೋಡಿ. 106 ಅನ್ನು ನೂರ ಆರು ಎಂದು ಓದಿದರೆ ತಂತಿಯ ಅಡ್ಡಕೊಯ್ತ 212 ಚದರ ಮೀಟರ್. 10⁶ ಎಂದು ಓದಿದರೆ 20 ಲಕ್ಷ ಚದರ ಮೀಟರ್, ಅಂದರೆ 2 ಚದರ ಕಿಲೋಮೀಟರ್. ಎರಡೂ ತಂತಿಯಲ್ಲ. 10⁻⁶ ಎಂದು ಓದಿದರೆ 2 ಚದರ ಮಿಲಿಮೀಟರ್. ಇದು ನಿಜವಾದ ತಂತಿ. ಹಾಗೆ ತೆಗೆದುಕೊಂಡರೆ ರೋಧ 0.17 ಓಂ ಬರುತ್ತದೆ, ಸಂಖ್ಯೆಗಳೂ ಚೊಕ್ಕವಾಗಿ ಭಾಗವಾಗುತ್ತವೆ.

ಇಲ್ಲಿ ಎರಡು ಬೇರೆ ಬೇರೆ ಸಾಕ್ಷಿಗಳು ಒಂದೇ ಓದನ್ನು ತೋರಿಸಿದವು: ಅದೇ ಪ್ರಶ್ನೆಯಲ್ಲಿ ಕಂಡ ಅಚ್ಚಿನ ರೋಗ, ಮತ್ತು ವಸ್ತುವಿನ ನಿಜವಾದ ಗಾತ್ರ. ಇಷ್ಟಿದ್ದರೆ ಧೈರ್ಯವಾಗಿ ತಿದ್ದಿಕೊಂಡು ಮುಂದೆ ಹೋಗಿ. ಅದೇ ಪತ್ರಿಕೆಯ ಇನ್ನೊಂದು ಪ್ರತಿ ಸಿಕ್ಕರೆ ಇನ್ನೂ ಒಳ್ಳೆಯದು. ಎರಡು ಭಾಷೆಯಲ್ಲಿ ಅಚ್ಚಾದ ಪತ್ರಿಕೆಯಾದರೆ ಇನ್ನೊಂದು ಭಾಷೆಯ ಪಾಠವನ್ನೂ ತಪ್ಪದೆ ನೋಡಿ. ಒಂದೇ ತಪ್ಪು ಎರಡು ಕಡೆ ಬರುವುದು ಕಡಿಮೆ.

ಪತ್ರಿಕೆಯ ವಯಸ್ಸು ನೋಡಿ

ಎಷ್ಟೋ ಸಲ ಪ್ರಶ್ನೆ ತಪ್ಪಿರುವುದಿಲ್ಲ. ಅದು ಹಳೆಯ ನಿಯಮದಲ್ಲಿ ಬರೆದದ್ದು, ನೀವು ಹೊಸ ನಿಯಮದಲ್ಲಿ ಓದುತ್ತಿದ್ದೀರಿ, ಅಷ್ಟೇ.

ರಸಾಯನಶಾಸ್ತ್ರದ ಎಸ್‌ಟಿಪಿ ಇದಕ್ಕೆ ಒಳ್ಳೆಯ ಉದಾಹರಣೆ. ಹಿಂದೆ ಎಸ್‌ಟಿಪಿ ಅಂದರೆ 0 ಡಿಗ್ರಿ ಸೆಲ್ಸಿಯಸ್ ಮತ್ತು 1 ಅಟ್ಮಾಸ್ಫಿಯರ್ ಒತ್ತಡ. ಅಲ್ಲಿ ಒಂದು ಮೋಲ್ ಆದರ್ಶ ಅನಿಲ 22.4 ಲೀಟರ್ ಜಾಗ ಹಿಡಿಯುತ್ತದೆ. 1982ರಲ್ಲಿ ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಸಂಸ್ಥೆ ಐಯುಪಿಎಸಿ ಆ ಒತ್ತಡವನ್ನು 1 ಬಾರ್‌ಗೆ ಬದಲಿಸಿತು. ಬಾರ್ ಅನ್ನುವುದು ಅಟ್ಮಾಸ್ಫಿಯರ್‌ಗಿಂತ ಸ್ವಲ್ಪ ಕಡಿಮೆ. ಹಾಗಾಗಿ ಅದೇ ಒಂದು ಮೋಲ್ ಈಗ 22.7 ಲೀಟರ್. ಆದರೆ ಪಠ್ಯಪುಸ್ತಕಗಳು ಒಂದೇ ದಿನ ಬದಲಾಗಲಿಲ್ಲ. ಅದಾದ ಮೇಲೂ ಬಹಳ ಕಾಲ 22.4 ಇಟ್ಟುಕೊಂಡ ಪತ್ರಿಕೆಗಳಿವೆ. ಹಾಗಾಗಿ ವರ್ಷ ನೋಡಿ ಮಾತ್ರ ತೀರ್ಮಾನ ಮಾಡಲು ಆಗುವುದಿಲ್ಲ.

ಮತ್ತೆ ಹೇಗೆ ತಿಳಿಯುವುದು? ಕೊಟ್ಟ ಸಂಖ್ಯೆಗಳನ್ನೇ ಕೇಳಿ. "ಎಸ್‌ಟಿಪಿಯಲ್ಲಿ 5.6 ಲೀಟರ್ ಇಂಗಾಲದ ಡೈಆಕ್ಸೈಡ್‌ನ ದ್ರವ್ಯರಾಶಿ ಎಷ್ಟು?" ಎಂದಿದ್ದರೆ, 5.6 ಅನ್ನುವುದು 22.4ರ ಸರಿಯಾಗಿ ಕಾಲು ಭಾಗ. ಕಾಲು ಮೋಲ್, 44ರ ಕಾಲು ಭಾಗ 11 ಗ್ರಾಂ. 22.7ರಿಂದ ಭಾಗಿಸಿದರೆ ಸುಮಾರು 10.85 ಗ್ರಾಂ ಬರುತ್ತದೆ. ಪ್ರಶ್ನೆ ರಚಿಸುವವರು ಯಾರೂ 10.85 ಬರಲೆಂದು 5.6 ಆರಿಸುವುದಿಲ್ಲ. 2.24, 5.6, 11.2 ಕಂಡರೆ ಹಳೆಯ ನಿಯಮ. 11.35 ಕಂಡರೆ ಹೊಸದು, ಅದು 22.7ರ ಅರ್ಧ. ಇಲ್ಲಿ ನೀವು ಏನನ್ನೂ ತಿದ್ದಬೇಕಾಗಿಲ್ಲ. ಬದಿಯಲ್ಲಿ "1 ಅಟ್ಮಾಸ್ಫಿಯರ್ ಲೆಕ್ಕ" ಎಂದು ಬರೆದುಕೊಂಡರೆ ಸಾಕು. ಆದರೆ ನೀವು ಬರೆಯಲಿರುವ ಪರೀಕ್ಷೆ ಈಗ ಯಾವ ನಿಯಮ ಹಿಡಿದಿದೆ ಎಂಬುದನ್ನು ಅದರ ಪಠ್ಯಪುಸ್ತಕದಿಂದ ಬೇರೆಯಾಗಿ ತಿಳಿದುಕೊಳ್ಳಿ.

ಲಾಗರಿದಮ್‌ಗೆ ಆಧಾರ ಬರೆಯದೆ ಬಿಟ್ಟಿರುವುದು, ಗುರುತ್ವದ ವೇಗೋತ್ಕರ್ಷ 9.8 ಬದಲು 10 ಎಂದು ತೆಗೆದುಕೊಂಡಿರುವುದು, ಇವೆಲ್ಲ ಇದೇ ಜಾತಿ. ಚೊಕ್ಕ ಉತ್ತರ ಯಾವುದರಲ್ಲಿ ಬರುತ್ತದೆ ನೋಡಿ.

ನಿಜವಾದ ವಿರೋಧ ಇದ್ದಾಗ: ಸಾಧ್ಯವಿರುವ ತಿದ್ದುಪಡಿಗಳನ್ನೆಲ್ಲ ಬರೆಯಿರಿ

ಈಗ ಕಷ್ಟದ ಭಾಗಕ್ಕೆ ಬರೋಣ. ಅಚ್ಚು ಸ್ಪಷ್ಟವಾಗಿದೆ, ನಿಯಮವೂ ಹಳೆಯದಲ್ಲ, ಆದರೂ ಪ್ರಶ್ನೆ ತನ್ನನ್ನು ತಾನೇ ಅಲ್ಲಗಳೆಯುತ್ತದೆ. ಈ ಪ್ರಶ್ನೆ ನೋಡಿ:

"x² − 6x + 10 = 0 ಸಮೀಕರಣದ ವಾಸ್ತವ ಮೂಲಗಳು α ಮತ್ತು β ಆದರೆ, α² + β² ಎಷ್ಟು? (ಎ) 16 (ಬಿ) 20 (ಸಿ) 36 (ಡಿ) 56"

ಅಭ್ಯಾಸವಿರುವವರು ಅರ್ಧ ನಿಮಿಷದಲ್ಲಿ ಮುಗಿಸುತ್ತಾರೆ. ಮೂಲಗಳ ಮೊತ್ತ 6, ಗುಣಲಬ್ಧ 10. α² + β² = (α + β)² − 2αβ = 36 − 20 = 16. ಆಯ್ಕೆ ಎ. ಮುಂದಿನ ಪ್ರಶ್ನೆ!

ಆದರೆ ಶೋಧಕ ನೋಡಿ: 36 − 40 = −4. ಋಣ ಸಂಖ್ಯೆ. ಅಂದರೆ ಈ ಸಮೀಕರಣಕ್ಕೆ ವಾಸ್ತವ ಮೂಲಗಳೇ ಇಲ್ಲ. ಬೇರೆ ದಾರಿಯಿಂದಲೂ ಪರೀಕ್ಷಿಸಬಹುದು. ಎರಡು ವಾಸ್ತವ ಸಂಖ್ಯೆಗಳ ಮೊತ್ತ 6 ಆದರೆ ಅವುಗಳ ವರ್ಗಗಳ ಮೊತ್ತ ಕನಿಷ್ಠ 18 ಇರಲೇಬೇಕು, ಎರಡೂ 3 ಆದಾಗ ಬರುವ ಬೆಲೆ ಅದು. 16 ಅದಕ್ಕಿಂತ ಕಡಿಮೆ. ಹೀಗೆ ದೋಷ ಎರಡು ದಾರಿಯಿಂದ ಸಾಬೀತಾಯಿತು.

ಈಗ ಮಾಡಬೇಕಾದದ್ದು ಒಂದೇ ತಿದ್ದುಪಡಿಗೆ ಅಂಟಿಕೊಳ್ಳುವುದಲ್ಲ. ಒಂದೇ ಒಂದು ಪದ, ಒಂದೇ ಒಂದು ಅಂಕಿ ಅಥವಾ ಒಂದೇ ಒಂದು ಚಿಹ್ನೆ ಬದಲಿಸಿದರೆ ಪ್ರಶ್ನೆ ಸರಿಹೋಗುವ ದಾರಿಗಳನ್ನೆಲ್ಲ ಬರೆಯಿರಿ. ಎರಡು ಕಡೆ ಬದಲಿಸಬೇಕಾದ ತಿದ್ದುಪಡಿಯನ್ನು ಸದ್ಯಕ್ಕೆ ಬಿಡಿ. ತಪ್ಪುಗಳು ಸಾಮಾನ್ಯವಾಗಿ ಒಂದೊಂದಾಗಿ ಬರುತ್ತವೆ.

ಮೊದಲ ದಾರಿ, "ವಾಸ್ತವ" ಎಂಬ ಪದ ತೆಗೆಯುವುದು. ಆಗ ಮೂಲಗಳು 3 + i ಮತ್ತು 3 − i. ವರ್ಗಗಳ ಮೊತ್ತ 16. ಆಯ್ಕೆ ಎ ಇದೆ.

ಎರಡನೆಯದು, 10 ಅನ್ನು 8 ಮಾಡುವುದು. ಮೂಲಗಳು 2 ಮತ್ತು 4, ಉತ್ತರ 20. ಆಯ್ಕೆ ಬಿ ಇದೆ.

ಮೂರನೆಯದು, 6x ಅನ್ನು 7x ಮಾಡುವುದು. ಮೂಲಗಳು 2 ಮತ್ತು 5, ಉತ್ತರ 29. ಸುಂದರವಾದ ಮೂಲಗಳು, ಆದರೆ 29 ಆಯ್ಕೆಯಲ್ಲೇ ಇಲ್ಲ. ಇದನ್ನು ಕೈಬಿಡಿ.

ನಾಲ್ಕನೆಯದು, +10 ಅನ್ನು −10 ಮಾಡುವುದು. ಶೋಧಕ 36 + 40 = 76, ಮೂಲಗಳು ವಾಸ್ತವ. ವರ್ಗಗಳ ಮೊತ್ತ 36 + 20 = 56. ಆಯ್ಕೆ ಡಿ ಇದೆ.

ಹೀಗೆ ಮೂರು ತಿದ್ದುಪಡಿಗಳು ಮೂರು ಬೇರೆ ಆಯ್ಕೆಗಳಿಗೆ ಹೋಗಿ ನಿಂತವು. "ಉತ್ತರ ಆಯ್ಕೆಯಲ್ಲಿ ಸಿಕ್ಕಿತು, ಹಾಗಾದರೆ ತಿದ್ದಿದ್ದು ಸರಿ" ಎಂದು ಮೊದಲನೆಯದಕ್ಕೇ ನಿಲ್ಲಬಾರದು ಎನ್ನುವುದು ಇದಕ್ಕೇ.

ಮುಂದಿನ ಹೆಜ್ಜೆಗೆ ತಪ್ಪು ಆಯ್ಕೆಗಳನ್ನು ಬಳಸಿಕೊಳ್ಳಿ. ಒಳ್ಳೆಯ ಬಹು ಆಯ್ಕೆ ಪ್ರಶ್ನೆಯಲ್ಲಿ ತಪ್ಪು ಆಯ್ಕೆಗಳು ಸುಮ್ನೆ ಬಂದಿರುವುದಿಲ್ಲ. ವಿದ್ಯಾರ್ಥಿ ಎಲ್ಲಿ ಎಡವುತ್ತಾನೆ ಎಂದು ಯೋಚಿಸಿ, ಆ ತಪ್ಪಿನಿಂದ ಬರುವ ಸಂಖ್ಯೆಯನ್ನೇ ಇಟ್ಟಿರುತ್ತಾರೆ. ಇಲ್ಲಿ 36 ಅನ್ನುವುದು 2αβ ಕಳೆಯಲು ಮರೆತವರ ಉತ್ತರ. ಕಳೆಯುವ ಬದಲು ಕೂಡಿಸಿದವರ ಉತ್ತರವೂ ಇರಬೇಕಲ್ಲ? ಗುಣಲಬ್ಧ 8 ಆಗಿದ್ದರೆ ಅದು 36 + 16 = 52 ಆಗುತ್ತಿತ್ತು. ಆಯ್ಕೆಯಲ್ಲಿ ಇರುವುದು 56. ಗುಣಲಬ್ಧ 10 ಆದರೆ ಮಾತ್ರ 56 ಬರುತ್ತದೆ. ಹಾಗಾಗಿ 8ರ ತಿದ್ದುಪಡಿ ಬಿದ್ದುಹೋಯಿತು. ಅದರಲ್ಲಿ 56 ಎಲ್ಲಿಂದ ಬಂತು ಎಂಬುದಕ್ಕೆ ಉತ್ತರವಿಲ್ಲ.

ಉಳಿದದ್ದು ಎರಡು. "ವಾಸ್ತವ" ಪದ ತಪ್ಪಾಗಿ ಸೇರಿದೆ, ಉತ್ತರ 16. ಅಥವಾ ಮೈನಸ್ ಪ್ಲಸ್ ಆಗಿ ಅಚ್ಚಾಗಿದೆ, ಉತ್ತರ 56. ತಪ್ಪು ಆಯ್ಕೆಗಳು ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಸರಿ ಉತ್ತರ 16 ಆದರೆ 56 ಚಿಹ್ನೆಯ ತಪ್ಪಿನಿಂದ ಬರುತ್ತದೆ. ಸರಿ ಉತ್ತರ 56 ಆದರೆ 16 ಅದೇ ಚಿಹ್ನೆಯ ತಪ್ಪಿನಿಂದ ಬರುತ್ತದೆ. 20 ಮತ್ತು 36 ಎರಡಕ್ಕೂ ಒಂದೇ ಥರ ಹೊಂದುತ್ತವೆ.

ಈಗ ಪ್ರಶ್ನೆಯ ಹೊರಗೆ ನೋಡಬೇಕು. ಆ ವರ್ಷದ ಪಠ್ಯಕ್ರಮದಲ್ಲಿ ಸಮ್ಮಿಶ್ರ ಸಂಖ್ಯೆಗಳು ಇದ್ದವೇ? ಇದ್ದಿದ್ದರೆ x² − 6x + 10 ತೀರಾ ಸಹಜವಾದ ಸಮೀಕರಣ, ಅದರ ಮೂಲಗಳು 3 ± i ಎಂದು ಚೊಕ್ಕವಾಗಿವೆ. ಆಗ 16ರ ಕಡೆ ತಕ್ಕಡಿ ವಾಲುತ್ತದೆ. ಇಲ್ಲದಿದ್ದರೆ "ವಾಸ್ತವ" ಎಂದು ಬರೆದವರು ವಾಸ್ತವ ಮೂಲಗಳಿರುವ ಸಮೀಕರಣವನ್ನೇ ಕೊಟ್ಟಿರಬೇಕು, ಚಿಹ್ನೆ ಅಚ್ಚಿನಲ್ಲಿ ಹೋಗಿರಬೇಕು ಎನ್ನುವ ವಾದಕ್ಕೆ ಬಲ ಬರುತ್ತದೆ. ಆದರೂ ಪೂರ್ತಿ ಅಲ್ಲ. ಶೋಧಕ ನೋಡದೆ ಅಭ್ಯಾಸಬಲದಿಂದ "ವಾಸ್ತವ" ಸೇರಿಸಿದ ಪ್ರಶ್ನೆಗಳೂ ಇರುತ್ತವೆ. ಇನ್ನೊಂದು ಪ್ರತಿ ಸಿಕ್ಕಿ ಅದರಲ್ಲಿ −10 ಇದ್ದರೆ ವಾದ ಮುಗಿಯಿತು.

ಇನ್ನೊಂದು ಪ್ರತಿ ಇಲ್ಲ, ಅಧಿಕೃತ ಕೀ ಇಲ್ಲ ಅಂದರೆ? ಆಗ "16 ಅಥವಾ 56, ನಿರ್ಧರಿಸಲು ಆಗದು" ಎಂದು ಬರೆದು ಬಿಟ್ಟುಬಿಡಿ. ಇದು ಸೋಲಲ್ಲ, ಇರುವ ಸಾಕ್ಷಿ ಅಷ್ಟೇ ಹೇಳುತ್ತದೆ. ನಿಜವಾದ ಪರೀಕ್ಷಾ ಕೊಠಡಿಯಲ್ಲಿ ಇಂಥದ್ದು ಬಂದು ಒಂದನ್ನು ಗುರುತಿಸಲೇಬೇಕಾದರೆ ನಾನು 16 ಅನ್ನು ಆರಿಸುತ್ತೇನೆ. ಅಚ್ಚಾದ ಸಂಖ್ಯೆಗಳ ಮೇಲೆ ನೇರವಾಗಿ ಸೂತ್ರ ಹಾಕಿದರೆ ಬರುವುದು ಅದು. ನಿಮಗೆ ಕಾಣದ ಮೈನಸ್ ಅನ್ನು ಊಹಿಸುವುದಕ್ಕಿಂತ ಕಾಣುವ ಸಂಖ್ಯೆಯನ್ನು ನಂಬುವುದು ಮೇಲು. ಹಾಗೆ ಮಾಡಿ, ಪ್ರಶ್ನೆಯ ನಂಬರ್ ನೆನಪಿಟ್ಟುಕೊಂಡು ಪರೀಕ್ಷೆ ಮುಗಿದ ಮೇಲೆ ಆಕ್ಷೇಪಣೆ ಸಲ್ಲಿಸಿ.

ತಪ್ಪಲ್ಲ, ಆದರೆ ಎರಡು ಅರ್ಥ

ಎಣಿಕೆಯ ಲೆಕ್ಕಗಳಲ್ಲಿ ಇದು ಜಾಸ್ತಿ. "1, 2, 3, 4, 5 ಅಂಕಿಗಳನ್ನು ಬಳಸಿ ಎಷ್ಟು ಮೂರಂಕಿಯ ಸಮ ಸಂಖ್ಯೆಗಳನ್ನು ರಚಿಸಬಹುದು?" ಅಂಕಿ ಮರುಕಳಿಸಬಹುದಾದರೆ ಬಿಡಿ ಸ್ಥಾನಕ್ಕೆ 2 ದಾರಿ, ಉಳಿದ ಎರಡಕ್ಕೂ 5 ದಾರಿ, ಒಟ್ಟು 50. ಮರುಕಳಿಸಬಾರದಾದರೆ 2 × 4 × 3 = 24. ಪ್ರಶ್ನೆ ಏನೂ ಹೇಳುವುದಿಲ್ಲ. ಆಯ್ಕೆಗಳಲ್ಲಿ ಎರಡೂ ಇವೆ ಎಂದುಕೊಳ್ಳಿ.

ಇಲ್ಲಿ ಅದೇ ಪತ್ರಿಕೆಯ ಉಳಿದ ಪ್ರಶ್ನೆಗಳನ್ನು ಓದಿ. ಬೇರೆ ಕಡೆ "ಯಾವ ಅಂಕಿಯೂ ಮರುಕಳಿಸದಂತೆ" ಎಂದು ಬಿಡಿಸಿ ಹೇಳಿದ್ದರೆ, ಇಲ್ಲಿ ಹೇಳದೆ ಬಿಟ್ಟಿದ್ದಕ್ಕೆ ಅರ್ಥ ಇದೆ: ನಿರ್ಬಂಧ ಇಲ್ಲ, ಉತ್ತರ 50. ಬದಲಿಗೆ ಬೇರೆ ಕಡೆ "ಅಂಕಿಗಳು ಮರುಕಳಿಸಬಹುದು" ಎಂದು ಹೇಳಿದ್ದರೆ ವಾದ ತಿರುಗುತ್ತದೆ. ಒಂದೇ ಪರೀಕ್ಷೆಯ ನಾಲ್ಕೈದು ವರ್ಷದ ಪತ್ರಿಕೆ ನಿಮ್ಮ ಹತ್ತಿರ ಇದ್ದರೆ ಈ ರೂಢಿ ಇನ್ನೂ ಚೆನ್ನಾಗಿ ಕಾಣುತ್ತದೆ. ಎಲ್ಲೂ ಸುಳಿವಿಲ್ಲ ಎಂದಾದರೆ ಪ್ರಶ್ನೆ ಹಾಕದ ನಿರ್ಬಂಧವನ್ನು ನಾವು ಹಾಕಬಾರದು ಎನ್ನುವುದು ನಾನು ಹಿಡಿಯುವ ನಿಯಮ.

ಅಂಕಗಳೂ ಮಾತಾಡುತ್ತವೆ. ಐದು ಅಂಕದ ಪ್ರಶ್ನೆಯನ್ನು ನಿಮ್ಮ ಓದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರೆ ಆ ಓದಿನ ಮೇಲೆ ಅನುಮಾನ ಪಡಿ. ಒಂದು ಅಂಕಕ್ಕೆ ಎರಡು ಪುಟ ಬೇಕಾದರೂ ಅಷ್ಟೇ.

"10 ಮತ್ತು 50ರ ನಡುವೆ 5ರ ಗುಣಕಗಳು ಎಷ್ಟು?" ಎಂಬಂಥ ಪ್ರಶ್ನೆಯಲ್ಲಿ ತುದಿಗಳು ಸೇರಿದರೆ 9, ಸೇರದಿದ್ದರೆ 7. ಆಯ್ಕೆಗಳಲ್ಲಿ ಒಂದೇ ಇದ್ದರೆ ಗೊಂದಲವೇ ಇಲ್ಲ. ಎರಡೂ ಇದ್ದರೆ "ನಡುವೆ" ಎಂದು ಮಾತ್ರ ಹೇಳಿರುವಾಗ ತುದಿಗಳನ್ನು ಬಿಡುವುದು ಹೆಚ್ಚು ಸಹಜ. "10ರಿಂದ 50ರವರೆಗೆ" ಎಂದಿದ್ದರೆ ಸೇರಿಸಿ.

ಬರವಣಿಗೆಯ ಉತ್ತರವಾದರೆ ನೀವು ಹಿಡಿದ ಅರ್ಥವನ್ನು ಮೊದಲ ಸಾಲಿನಲ್ಲೇ ಹೇಳಿಬಿಡಿ: "ಅಂಕಿಗಳು ಮರುಕಳಿಸಬಹುದು ಎಂದು ಪರಿಗಣಿಸಿದೆ." ಇಷ್ಟು ಸಾಕು. ಇನ್ನೊಂದು ಅರ್ಥದ ಉತ್ತರ ಎರಡೇ ಸಾಲಿನಲ್ಲಿ ಮುಗಿಯುವಂತಿದ್ದರೆ ಕೊನೆಗೆ "ಮರುಕಳಿಸಬಾರದು ಎಂದಾದರೆ 24" ಎಂದು ಸೇರಿಸಬಹುದು. ಆದರೆ ಮುಖ್ಯ ಉತ್ತರ ಯಾವುದು ಎಂಬುದು ಸ್ಪಷ್ಟವಾಗಿರಲಿ. ಎರಡು ಉತ್ತರ ಬರೆದು ಆರಿಸುವ ಕೆಲಸವನ್ನು ಮೌಲ್ಯಮಾಪಕರಿಗೆ ಬಿಟ್ಟರೆ ಅಂಕ ಕಳೆದುಕೊಳ್ಳುವ ಅಪಾಯ ಇದೆ.

ಕೀ ಉತ್ತರವನ್ನು ಎಷ್ಟು ನಂಬಬೇಕು?

ಕೀಗಳಲ್ಲಿ ದರ್ಜೆ ಇದೆ. ಪರೀಕ್ಷೆ ನಡೆಸಿದವರೇ ಆಕ್ಷೇಪಣೆಗಳನ್ನು ನೋಡಿ ಹೊರಡಿಸಿದ ಅಂತಿಮ ಕೀ ಎಲ್ಲಕ್ಕಿಂತ ಮೇಲು. ಆಕ್ಷೇಪಣೆಗೆ ಮುಂಚಿನ ತಾತ್ಕಾಲಿಕ ಕೀ ಅದರ ಕೆಳಗೆ. ಗೈಡ್ ಪುಸ್ತಕಗಳ ಹಿಂದಿನ ಪುಟದಲ್ಲಿರುವ ಕೀ ಇನ್ನೂ ಕೆಳಗೆ. ಮೂರು ಗೈಡ್‌ಗಳಲ್ಲಿ ಒಂದೇ ಉತ್ತರ ಇದೆ ಎಂದು ಮೂರು ಸಾಕ್ಷಿ ಸಿಕ್ಕಿತು ಎಂದುಕೊಳ್ಳಬೇಡಿ. ಒಂದರಿಂದ ಇನ್ನೊಂದಕ್ಕೆ ನಕಲಾಗಿರಬಹುದು. ಒಂದೇ ಅಚ್ಚಿನ ತಪ್ಪು ಮೂರರಲ್ಲೂ ಇದ್ದರೆ ನಕಲಾಗಿರುವ ಸಾಧ್ಯತೆಯೇ ಜಾಸ್ತಿ.

ಅಧಿಕೃತ ಕೀ ಕೂಡ ತಪ್ಪಬಹುದು. ಇದಕ್ಕೆ ಹೆಸರಾದ ಉದಾಹರಣೆ 1982ರಲ್ಲಿ ಅಮೆರಿಕದ ಎಸ್‌ಎಟಿ ಪರೀಕ್ಷೆಯಲ್ಲಿ ಬಂದ ಪ್ರಶ್ನೆ. ಎ ವೃತ್ತದ ತ್ರಿಜ್ಯ ಬಿ ವೃತ್ತದ ತ್ರಿಜ್ಯದ ಮೂರನೇ ಒಂದು ಭಾಗ. ಎ ವೃತ್ತ ಬಿ ವೃತ್ತದ ಸುತ್ತ ಉರುಳುತ್ತದೆ. ಎ ವೃತ್ತದ ಕೇಂದ್ರ ಮೊದಲ ಸಲ ಹೊರಟ ಜಾಗಕ್ಕೆ ಮರಳುವಷ್ಟರಲ್ಲಿ ಎ ವೃತ್ತ ಎಷ್ಟು ಸುತ್ತು ತಿರುಗಿರುತ್ತದೆ? ಆಯ್ಕೆಗಳು 3/2, 3, 6, 9/2, 9. ಪರೀಕ್ಷೆ ನಡೆಸಿದವರು ಇಟ್ಟುಕೊಂಡಿದ್ದ ಉತ್ತರ 3, ದೊಡ್ಡ ವೃತ್ತದ ಸುತ್ತಳತೆ ಚಿಕ್ಕದರ ಮೂರು ಪಟ್ಟು ಎಂಬ ಲೆಕ್ಕದಿಂದ.

ಸರಿಯಾದ ಉತ್ತರ 4. ಅದು ಆಯ್ಕೆಗಳಲ್ಲೇ ಇರಲಿಲ್ಲ. ಉರುಳುವ ವೃತ್ತದ ಕೇಂದ್ರ ಸಾಗುವುದು ದೊಡ್ಡ ವೃತ್ತದ ಅಂಚಿನ ಮೇಲಲ್ಲ, ಅದರಿಂದ ಒಂದು ಚಿಕ್ಕ ತ್ರಿಜ್ಯದಷ್ಟು ಹೊರಗೆ. ಚಿಕ್ಕ ತ್ರಿಜ್ಯ 1 ಆದರೆ ಕೇಂದ್ರದ ದಾರಿಯ ತ್ರಿಜ್ಯ 3 + 1 = 4. ಹಾಗಾಗಿ ಅದು ಸಾಗುವ ದೂರ ಚಿಕ್ಕ ವೃತ್ತದ ಸುತ್ತಳತೆಯ ನಾಲ್ಕು ಪಟ್ಟು. ನಂಬಿಕೆ ಬರದಿದ್ದರೆ ಒಂದೇ ಅಳತೆಯ ಎರಡು ನಾಣ್ಯ ತೆಗೆದುಕೊಂಡು ಒಂದನ್ನು ಇನ್ನೊಂದರ ಸುತ್ತ ಜಾರದಂತೆ ಉರುಳಿಸಿ. ಒಂದು ಸುತ್ತಲ್ಲ, ಎರಡು ಸುತ್ತು ತಿರುಗುತ್ತದೆ.

ಸುಮಾರು 3 ಲಕ್ಷ ವಿದ್ಯಾರ್ಥಿಗಳು ಆ ಪರೀಕ್ಷೆ ಬರೆದಿದ್ದರು. ಮೂವರು ಮಾತ್ರ ಪ್ರಶ್ನೆ ತಪ್ಪಿದೆ ಎಂದು ಪತ್ರ ಬರೆದರು. ಅವರ ವಾದ ಸರಿ ಎಂದು ಕಂಡು ಆ ಪ್ರಶ್ನೆಯನ್ನು ಕೈಬಿಟ್ಟು ಅಂಕಗಳನ್ನು ಮತ್ತೆ ಲೆಕ್ಕ ಹಾಕಿದರು. ಕೀಯನ್ನು ಎದುರಿಸುವಾಗ ಏನಿರಬೇಕು ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ. "ನನಗೆ 4 ಬಂತು" ಎಂದರೆ ಯಾರೂ ಕೇಳುವುದಿಲ್ಲ. ಕೇಂದ್ರದ ದಾರಿ ತೋರಿಸಿ, ಬೇರೆ ಅಳತೆಯಲ್ಲಿ ಪರೀಕ್ಷಿಸಿ, ಕೀಯ 3 ಎಲ್ಲಿ ಜಾರಿತು ಎಂದು ಬೆರಳಿಟ್ಟು ಹೇಳಿದರೆ ಕೇಳುತ್ತಾರೆ. ಕೀಯವರು ಮಾಡಿದ ತಪ್ಪು ಯಾವುದು ಎಂಬುದನ್ನೂ ವಿವರಿಸಲು ಆದಾಗ ಮಾತ್ರ ಕೀ ತಪ್ಪು ಎಂದು ತೀರ್ಮಾನಿಸಿ. ಅಲ್ಲಿಯವರೆಗೆ ಅದು ನಿಮಗೂ ಕೀಗೂ ಇರುವ ಬರೀ ಭಿನ್ನಾಭಿಪ್ರಾಯ.

ಬರೆದಿಡುವುದು ಮತ್ತು ಅಂಕ ಲೆಕ್ಕ

ಒಂದು ಪ್ರಶ್ನೆಯ ತನಿಖೆಗೆ ಹತ್ತು ನಿಮಿಷ ಸಾಕು. ಅದೂ ಪತ್ರಿಕೆಯನ್ನು ಸಮಯ ಇಟ್ಟುಕೊಂಡು ಪೂರ್ತಿ ಬರೆದು ಮುಗಿಸಿದ ಮೇಲೆ. ಬರೆಯುವಾಗ ಗೊಂದಲದ ಪ್ರಶ್ನೆಯ ಪಕ್ಕ ಒಂದು ಗುರುತು ಹಾಕಿ, ಆ ಕ್ಷಣಕ್ಕೆ ಸರಿ ಎನಿಸಿದ ಉತ್ತರ ಬರೆದು ಮುಂದೆ ಹೋಗಿ.

ದೋಷದ ಪ್ರಶ್ನೆಗಳಿಗೆಂದೇ ನೋಟ್‌ಬುಕ್‌ನ ಹಿಂದೆ ಕೆಲವು ಪುಟ ಇಡಿ. ಮೇಲಿನ ಸಮೀಕರಣದ ಪ್ರಶ್ನೆಗೆ ನಮೂದು ಹೀಗಿರಬಹುದು: "ಪ್ರಶ್ನೆ 14. ವಾಸ್ತವ ಮೂಲಗಳು ಎಂದಿದೆ, ಆದರೆ ಶೋಧಕ −4. 'ವಾಸ್ತವ' ತೆಗೆದರೆ 16. −10 ಎಂದಾದರೆ 56. 8 ಎಂದಾದರೆ 20, ಆದರೆ ಆಗ 56 ಆಯ್ಕೆ ವಿವರಿಸಲಾಗದು. ಇನ್ನೊಂದು ಪ್ರತಿ ಸಿಗುವವರೆಗೆ ತೀರ್ಮಾನ ಇಲ್ಲ." ಅಚ್ಚಾದ ಪತ್ರಿಕೆಯ ಮೇಲೆಯೇ ತಿದ್ದಿ ಮೂಲವನ್ನು ಅಳಿಸಬೇಡಿ. ನಾಳೆ ಇನ್ನೊಂದು ಪ್ರತಿ ಸಿಕ್ಕಾಗ ಹೋಲಿಸಲು ಮೂಲ ಹಾಗೇ ಇರಬೇಕು.

ಅಂಕ ಹಾಕುವಾಗ ಮೂರು ಗುಂಪು ಮಾಡಿ. ತಿದ್ದುಪಡಿ ಖಚಿತವಾದ ಪ್ರಶ್ನೆಗಳನ್ನು, ತಾಮ್ರದ ತಂತಿಯಂಥವನ್ನು, ಎಂದಿನಂತೆ ಲೆಕ್ಕಕ್ಕೆ ಹಿಡಿಯಿರಿ. ಎರಡು ಅರ್ಥದ ಪ್ರಶ್ನೆಯಲ್ಲಿ ನೀವು ಹಿಡಿದ ಅರ್ಥವನ್ನು ಬರೆದು, ಅದರಂತೆ ಸರಿಯಾಗಿ ಬಿಡಿಸಿದ್ದರೆ ಪೂರ್ತಿ ಅಂಕ ಕೊಟ್ಟುಕೊಳ್ಳಿ. ತೀರ್ಮಾನ ಆಗದವನ್ನು ಪತ್ರಿಕೆಯಿಂದಲೇ ತೆಗೆಯಿರಿ. 60 ಪ್ರಶ್ನೆಗಳಲ್ಲಿ ಅಂಥವು ಎರಡಿದ್ದರೆ ಶೇಕಡಾವಾರು ಲೆಕ್ಕವನ್ನು 58ಕ್ಕೆ ಹಾಕಿ. 60ಕ್ಕೇ ಹಾಕಿ ಆ ಎರಡನ್ನು ತಪ್ಪು ಎಂದುಕೊಂಡರೆ ನಿಮ್ಮ ತಯಾರಿ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಸರಿ ಎಂದುಕೊಂಡರೆ ಜಾಸ್ತಿ ಕಾಣುತ್ತದೆ.

ಆ ಪುಟಗಳನ್ನು ಅಧ್ಯಾಪಕರಿಗೆ ತೋರಿಸುವಾಗ "ಈ ಪ್ರಶ್ನೆ ತಪ್ಪಲ್ವಾ ಸರ್?" ಎಂದು ಮಾತ್ರ ಕೇಳಬೇಡಿ. ಅಚ್ಚಾದ ಪಾಠ, ವಿರೋಧ ಎಲ್ಲಿದೆ, ನೀವು ನೋಡಿದ ತಿದ್ದುಪಡಿಗಳು, ಇವನ್ನು ಮುಂದಿಡಿ. ಎರಡು ನಿಮಿಷದಲ್ಲಿ ಅವರು ಒಂದನ್ನು ಸರಿ ಎನ್ನುತ್ತಾರೆ, ಇಲ್ಲವೇ ನೀವು ಕಾಣದ ಐದನೆಯ ದಾರಿಯನ್ನು ತೋರಿಸುತ್ತಾರೆ.